ಮಂಟಪಕ್ಕೆ ಬರುವ ಮದುಮಗಳು, ತಡಕಾಡುವ ಫೋಕಸ್

ಸೋದರಮಾವ ಮದುಮಗಳನ್ನು ಮಂಟಪದ ಕಡೆಗೆ ಕರೆತರುತ್ತಿದ್ದಾನೆ. ವೀಡಿಯೊದಲ್ಲಿ ಅವಳ ಮುಖ ಒಮ್ಮೆ ಮಸುಕಾಗುತ್ತದೆ, ತಿಳಿಯಾಗುತ್ತದೆ, ಮತ್ತೆ ಮಸುಕಾಗುತ್ತದೆ. ನೋಡಿದವರು ಕ್ಯಾಮೆರಾವನ್ನು ಬೈಯುತ್ತಾರೆ. ನಿಜಕ್ಕೂ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿರಬಹುದು, ಎರಡಕ್ಕೂ ಮದ್ದು ಬೇರೆ.

ಇಡೀ ಚಿತ್ರ ಒಳಗೂ ಹೊರಗೂ ಉಸಿರಾಡಿದಂತೆ ಅಲುಗಾಡಿದರೆ ಅದು ತಡಕಾಟ. ಚಿತ್ರದ ಅಂಚುಗಳು ಎಲ್ಲಿ ಹೆಚ್ಚು ಚೂಪಾಗಿವೆ ಎಂದು ನೋಡಿ ಫೋಕಸ್ ಮಾಡುವ ವಿಧಾನದಲ್ಲಿ, ಸರಿಯಾದ ಜಾಗವನ್ನು ದಾಟಿ ಮುಂದೆ ಹೋಗಿ ಮಸುಕಾದ ಮೇಲೆಯೇ ‘ಹಿಂದಿನದೇ ಸರಿಯಿತ್ತು’ ಎಂದು ಗೊತ್ತಾಗುವುದು. ಈಗಿನ ಹೆಚ್ಚಿನ ಫೋನು, ಕ್ಯಾಮೆರಾಗಳು ಯಾವ ದಿಕ್ಕಿಗೆ ಎಷ್ಟು ಸರಿಯಬೇಕೆಂದು ಮೊದಲೇ ಅಳೆಯುತ್ತವೆ. ಆದರೆ ಬೆಳಕು ಕಡಿಮೆಯಾದಾಗ, ಹಿಂದಿನಿಂದ ಜೋರು ದೀಪ ಬಿದ್ದಾಗ ಆ ಅಳತೆ ತಪ್ಪಿ, ಹಳೆಯ ತಡಕಾಟಕ್ಕೇ ಮರಳುತ್ತವೆ. ಇನ್ನೊಂದು ತೊಂದರೆಯಲ್ಲಿ ತಡಕಾಟವೇ ಇಲ್ಲ. ಯಾರೋ ಆರತಿ ತಟ್ಟೆ ಹಿಡಿದು ಅಡ್ಡ ಬಂದರು, ಫೋಕಸ್ ಅವರ ಬೆನ್ನಿಗೆ ಹೋಗಿ ನಿಂತಿತು. ಕ್ಯಾಮೆರಾ ತನ್ನ ಕೆಲಸ ಚೆನ್ನಾಗಿಯೇ ಮಾಡಿದೆ, ಆರಿಸಿಕೊಂಡ ಆಳು ಮಾತ್ರ ತಪ್ಪು.

ಫೋನಿನಲ್ಲಿ ಎರಡಕ್ಕೂ ಒಂದೇ ಉಪಾಯ ಸಾಕಾಗುತ್ತದೆ. 1x ಮುಖ್ಯ ಲೆನ್ಸ್ ಇಟ್ಟುಕೊಂಡು, ಸುಮಾರು ನಾಲ್ಕು ಮೀಟರ್ ದೂರದಲ್ಲಿ ಯಾರನ್ನಾದರೂ ನಿಲ್ಲಿಸಿ, ಅವರ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF LOCK ಎಂದು ಬರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ಬೀಗದ ಗುರುತು ಕಾಣುತ್ತದೆ. ಮುಖ್ಯ ಲೆನ್ಸಿನ ನಾಭಿದೂರ ಆರೇಳು ಮಿಲಿಮೀಟರ್ ಅಷ್ಟೇ ಆದ್ದರಿಂದ, ನಾಲ್ಕು ಮೀಟರಿಗೆ ಬಿಗಿದ ಫೋಕಸ್ ಹೆಚ್ಚುಕಡಿಮೆ ಎರಡು ಮೀಟರಿನಿಂದ ಸಭಾಂಗಣದ ಕೊನೆಯ ಗೋಡೆಯವರೆಗೂ ತಿಳಿಯಾಗಿರುತ್ತದೆ. ಬೆಳಕಿನ ಮಟ್ಟವೂ ಜೊತೆಗೇ ಬಿಗಿಯುತ್ತದೆ, ಹಾಗಾಗಿ ಮಂಟಪದ ದೀಪಗಳೆಲ್ಲ ಹತ್ತಿದ ಮೇಲೆಯೇ ಲಾಕ್ ಮಾಡಿ. ಜೂಮ್ ಲೆನ್ಸಿಗೆ ಈ ಲೆಕ್ಕ ಹೊಂದುವುದಿಲ್ಲ. ಐಫೋನಿನ ರೆಕಾರ್ಡ್ ವೀಡಿಯೊ ಸೆಟ್ಟಿಂಗಿನಲ್ಲಿ Lock Camera ಆನ್ ಮಾಡಿಟ್ಟರೆ, ನಡುವೆ ಲೆನ್ಸ್ ತಾನಾಗಿ ಬದಲಾಗಿ ಚಿತ್ರ ಎಗರುವುದೂ ನಿಲ್ಲುತ್ತದೆ.

ದೊಡ್ಡ ಕ್ಯಾಮೆರಾದಲ್ಲಿ ಈ ಸುಖವಿಲ್ಲ. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿ f/1.8ರಲ್ಲಿ ಮೂರು ಮೀಟರಿಗೆ ಫೋಕಸ್ ಮಾಡಿದರೆ, ತಿಳಿಯಾಗಿರುವ ಆಳ ಸುಮಾರು 40 ಸೆಂಟಿಮೀಟರ್. f/4ಕ್ಕೆ ಹೋದರೆ ಅದು 90ರ ಹತ್ತಿರ ಬರುತ್ತದೆ. ಹಿನ್ನೆಲೆ ಕರಗಬೇಕೆಂಬ ಹಟಕ್ಕೆ f/1.8 ಇಟ್ಟು ಮುಖವನ್ನೇ ಕಳೆದುಕೊಂಡ ವೀಡಿಯೊಗಳು ಬೇಕಾದಷ್ಟಿವೆ. ಬೆಳಕು ಸಾಲುವಷ್ಟಿದ್ದರೆ f/4 ಇಡುವುದೇ ಜಾಣತನ.

ಆಮೇಲೆ ಕೈಯಿಂದ ಫೋಕಸ್ ಎಳೆಯುವ ಕೆಲಸ. ಮದುಮಗಳು ಆರು ಮೀಟರಿನಿಂದ ಒಂದೂವರೆ ಮೀಟರಿಗೆ ಬರುತ್ತಾಳೆ ಎನ್ನಿ. ಆರು, ಮೂರು, ಒಂದೂವರೆ ಮೀಟರ್ ದೂರದಲ್ಲಿ ನೆಲಕ್ಕೆ ಸಣ್ಣ ಟೇಪ್ ಅಂಟಿಸಿ. ಪ್ರತಿ ಗುರುತಿನ ಮೇಲೂ ಒಬ್ಬರನ್ನು ನಿಲ್ಲಿಸಿ, ಪರದೆಯಲ್ಲಿ ಚಿತ್ರ ಹಿಗ್ಗಿಸಿ ಕಣ್ಣಿಗೆ ಫೋಕಸ್ ಮಾಡಿ, ಲೆನ್ಸಿನ ಉಂಗುರದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ಗೆರೆಗಳನ್ನು ನೋಡಿದರೆ ಒಂದು ಗುಟ್ಟು ಕಾಣುತ್ತದೆ. ಸಾಮಾನ್ಯವಾಗಿ ಆರರಿಂದ ಮೂರಕ್ಕೆ ಉಂಗುರ ಎಷ್ಟು ತಿರುಗುತ್ತದೋ, ಮೂರರಿಂದ ಒಂದೂವರೆಗೆ ಅದರ ಎರಡರಷ್ಟು ತಿರುಗಬೇಕು, ನಡೆದ ದೂರ ಮಾತ್ರ ಅರ್ಧ! ಅವಳ ನಡಿಗೆ ಒಂದೇ ವೇಗದಲ್ಲಿದ್ದರೂ ನಿಮ್ಮ ಕೈ ಕೊನೆಯ ಹೆಜ್ಜೆಗಳಲ್ಲಿ ನಾಲ್ಕು ಪಟ್ಟು ಬಿರುಸಾಗಬೇಕಾಗುತ್ತದೆ. ಹೊಸಬರ ವೀಡಿಯೊ ಶುರುವಿನಲ್ಲಿ ಚೆನ್ನಾಗಿದ್ದು ಮುಖ ಹತ್ತಿರವಾದಾಗಲೇ ಕೈಕೊಡುವುದು ಇದಕ್ಕೇ.

ಎಳೆಯುವಾಗ ಕಣ್ಣು ಪರದೆಯ ಮೇಲಲ್ಲ, ಅವಳ ಪಾದ ಟೇಪಿಗೆ ಎಷ್ಟು ಹತ್ತಿರ ಬಂದಿದೆ ಎಂಬುದರ ಮೇಲಿರಲಿ. ಪರದೆಯಲ್ಲಿ ಮಸುಕು ಕಂಡಿತೆಂದರೆ ಆಗಲೇ ತಡವಾಗಿದೆ. ಸಿನಿಮಾದ ಫೋಕಸ್ ಪುಲ್ಲರ್‌ಗಳು ದೂರವನ್ನು ಅಂದಾಜು ಮಾಡುವುದನ್ನೇ ಅಷ್ಟು ಅಭ್ಯಾಸ ಮಾಡುವುದೂ ಇದೇ ಕಾರಣಕ್ಕೆ. ಒಂದು ಎಚ್ಚರಿಕೆ: ಈಗಿನ ಹಲವು ಆಟೋಫೋಕಸ್ ಲೆನ್ಸುಗಳಲ್ಲಿ ಉಂಗುರ ಮೋಟಾರಿಗೆ ಸೂಚನೆ ಕೊಡುತ್ತದೆ ಅಷ್ಟೆ. ಬೇಗ ತಿರುಗಿಸಿದರೆ ಒಂದಷ್ಟು, ನಿಧಾನವಾಗಿ ತಿರುಗಿಸಿದರೆ ಇನ್ನೊಂದಷ್ಟು ಸರಿಯುವುದರಿಂದ ಪೆನ್ಸಿಲ್ ಗೆರೆ ಸುಳ್ಳಾಗುತ್ತದೆ. ಮೆನುವಿನಲ್ಲಿ Linear ಆಯ್ಕೆ ಇದ್ದರೆ ಅದನ್ನು ಮೊದಲು ಹಾಕಿಕೊಳ್ಳಿ.

ಗುರುತು ಹಾಕಲು ಪುರಸೊತ್ತಿಲ್ಲದ ಕಡೆ ಆಟೋಫೋಕಸ್ಸನ್ನೇ ನಂಬಬೇಕಾಗುತ್ತದೆ. ಆಗ ಮುಖ ಗುರುತಿಸುವಿಕೆ ಆನ್ ಮಾಡಿ, ಬೇರೆಯವರತ್ತ ಫೋಕಸ್ ಜಿಗಿಯುವ ಚುರುಕನ್ನು ಕಡಿಮೆ ಮಾಡಿ. ಸೋನಿಯಲ್ಲಿ ಇದು 1ರಿಂದ 5ರವರೆಗಿದ್ದು, 1ರಲ್ಲಿಟ್ಟರೆ ಆರತಿ ತಟ್ಟೆ ಅಡ್ಡ ಹೋದರೂ ಕ್ಯಾಮೆರಾ ಒಂದು ಕ್ಷಣ ಕಾಯುತ್ತದೆ. ಅಡ್ಡ ಬಂದವರು ಅಲ್ಲೇ ನಿಂತುಬಿಟ್ಟರೆ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ, ಹಾಗಾಗಿ ಮದುಮಗಳ ದಾರಿ ಬಿಡಿಸಲು ಮನೆಯವರಲ್ಲಿ ಒಬ್ಬರಿಗೆ ಮೊದಲೇ ಹೇಳಿಡಿ.