ಸಂದೇಶಲೇಖನದಲ್ಲಿ ಆದರಸೂಚಕ ಚಿಹ್ನೆಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಆಡುಮಾತಿನಲ್ಲಿ ಆದರವು ನೆಲೆಗೊಂಡಿರುವುದು ಬಹುತರವಾಗಿ ವಾಕ್ಯದ ಕೊನೆಯಲ್ಲಿ. ‘ಆತು’ ಎಂಬುದು ಬರಿಯ ಸಮ್ಮತಿ; ‘ಆತ್ರೀ’ ಎಂಬುದು ಗೌರವದಿಂದ ಕೂಡಿದ ಸಮ್ಮತಿ; ‘ಆತವ್ವಾ’ ಎಂಬುದು ಮನೆಯ ಹುಡುಗಿಯನ್ನು ಕುರಿತು ಅಕ್ಕರೆಯಿಂದಾಡಿದ ಸಮ್ಮತಿ. ಆ ಕೊನೆಯ ಸ್ವರವನ್ನು ಎಷ್ಟು ಎಳೆದರೆಂಬುದರ ಮೇಲಿಂದಲೇ ಕೇಳುವವರು ಆಡಿದವರ ಮನಸ್ಸನ್ನು ತಿಳಿಯುತ್ತಾರೆ. ದೂರವಾಣಿಯ ಸಂದೇಶದಲ್ಲಿ ಈ ಎಳೆತವು ಕಾಣದು. ಅಂಚೆಯ ಕಾಗದದಲ್ಲಿಯೂ ಕಾಣುತ್ತಿರಲಿಲ್ಲವಾದರೂ ಅಲ್ಲಿ ‘ತೀರ್ಥರೂಪ’, ‘ಚಿರಂಜೀವಿ’, ‘ಉಭಯ ಕುಶಲೋಪರಿ’ ಎಂಬ ಒಕ್ಕಣೆಯು ಅದರ ಕೊರತೆಯನ್ನು ತುಂಬುತ್ತಿತ್ತು. ಸಂದೇಶವು ಒಕ್ಕಣೆಯನ್ನೂ ಬಿಟ್ಟಿತು.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಯಲಬುರ್ಗಾದಲ್ಲಿರುವ ಸೋದರಮಾವನಿಗೆ, ‘ಮಾವಾ, ಈ ಸಲ ಗವಿಮಠದ ಜಾತ್ರಿಗೆ ಬರಾಕ ಆಗಂಗಿಲ್ಲ, ಪರೀಕ್ಷಾ ಐತಿ, ಸಿಟ್ಟಾಗಬ್ಯಾಡ್ರಿ’ ಎಂದು ಬರೆಯುತ್ತಾಳೆ. ಮಾವನ ಉತ್ತರ: ‘ಆತು.’ ಶಾಲೆಯಲ್ಲಿ ವಾಕ್ಯದ ಕೊನೆಗೆ ಪೂರ್ಣವಿರಾಮವನ್ನಿಡಲು ಕಲಿತವನು ಅದನ್ನಿಟ್ಟನು, ಅಷ್ಟೆ. ಸೊಸೆಯಾದರೋ ಆ ಬಿಂದುವಿನಲ್ಲಿ ಮುನಿಸನ್ನು ಓದಿದಳು, ಎರಡು ದಿನ ಮಾತನಾಡಲಿಲ್ಲ. ಅವಳ ಮೌನವನ್ನು ಮಾವನು ಅಲಕ್ಷ್ಯವೆಂದು ಬಗೆದನು.

ಈ ಓದಿಗೆ ಕಾರಣವುಂಟು. ಕನ್ನಡ ವಾಕ್ಯವು ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುವುದರಿಂದ ಮುಕ್ತಾಯವು ತಾನಾಗಿಯೇ ತಿಳಿಯುತ್ತದೆ. ಇಂದಿನ ವಿರಾಮಚಿಹ್ನೆಗಳ ಪದ್ಧತಿಯು ಮುದ್ರಣದೊಡನೆ 19ನೆಯ ಶತಮಾನದಲ್ಲಿ ಬೇರೂರಿದುದು. ಸಂದೇಶದಲ್ಲಿಯಾದರೆ ಕಳುಹಿಸಿದುದೇ ಮುಕ್ತಾಯ. ಹೀಗೆ ಎರಡು ಬಗೆಯಿಂದ ಅನಾವಶ್ಯಕವಾದ ಚಿಹ್ನೆಯನ್ನು ಕಂಡಾಗ ಓದುಗನು ಅದಕ್ಕೆ ಬೇರೊಂದು ಅರ್ಥವನ್ನು ಹುಡುಕುವುದು ಸಹಜವೇ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಸೀಲಿಯಾ ಕ್ಲಿನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಪೂರ್ಣವಿರಾಮವುಳ್ಳ ಒಂದೇ ಮಾತಿನ ಸಂದೇಶೋತ್ತರವು ಅದಿಲ್ಲದ ಉತ್ತರಕ್ಕಿಂತ ಕಡಿಮೆ ಹೃತ್ಪೂರ್ವಕವಾಗಿ ತೋರಿತು. ಅದೇ ಉತ್ತರವನ್ನು ಕೈಬರಹದ ಚೀಟಿಯಲ್ಲಿ ಕೊಟ್ಟಾಗ ಈ ಭೇದವು ಕಾಣಲಿಲ್ಲ. ಆದುದರಿಂದ ದೋಷವು ಬಿಂದುವಿನದಲ್ಲ, ಏಕಪದದ ಉತ್ತರ ಹಾಗೂ ಬಿಂದುಗಳ ಕೂಟದ್ದು. ಎರಡು ಮೂರು ವಾಕ್ಯಗಳ ಸಂದೇಶದಲ್ಲಿ ವಾಕ್ಯಗಳನ್ನು ಬೇರ್ಪಡಿಸುವ ಬಿಂದುವು ಯಾರಿಗೂ ಚುಚ್ಚದು. ಮೂರು ಚುಕ್ಕೆಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು: ಹಿರಿಯರು ಉಸಿರಿನ ತಡೆಯೆಂದು ಇಟ್ಟುದನ್ನು ಕಿರಿಯರು ಏನನ್ನೋ ನುಂಗಿಕೊಂಡರೆಂದು ಓದುವುದುಂಟು.

ಮಾವನ ಉತ್ತರವನ್ನು ತಿದ್ದುವುದು ಸುಲಭ. ‘ಆತವ್ವಾ, ಪರೀಕ್ಷಾ ಚಲೋ ಬರಿ, ಮುಂದಿನ ವರ್ಷ ಬರುವಿಯಂತ’ ಎಂದಿದ್ದರೆ ಸಾಕಾಗಿತ್ತು. ಇಲ್ಲಿ ನಡೆದುದು ಎರಡು ಕೆಲಸ. ಸಂಬೋಧನೆಯು ಕಳೆದುಹೋದ ಸ್ವರವನ್ನು ಅಕ್ಷರದಲ್ಲಿ ಮರಳಿ ತಂದಿತು. ಪರೀಕ್ಷೆಯ ಮಾತು ಅವಳು ಬರೆದುದನ್ನು ಓದಿದ್ದಾನೆಂಬುದಕ್ಕೆ ಸಾಕ್ಷಿಯಾಯಿತು. ಸಂದೇಶದ ಉದ್ದವನ್ನು ಅಳೆಯುವುದೂ ಹೀಗೆಯೇ: ನಾಲ್ಕು ಸಾಲಿಗೆ ನಾಲ್ಕು ಸಾಲು ಬೇಕಿಲ್ಲ, ಆದರೆ ಎದುರಿನವರು ಅಳುಕಿ ಹೇಳಿದ ಸಂಗತಿಯೊಂದನ್ನಾದರೂ ಮುಟ್ಟದ ಉತ್ತರವು ಗಿಡ್ಡವಾಗಿಯೇ ತೋರುತ್ತದೆ.

ಇನ್ನು ಎಮೋಜಿ. ಈ ಶಬ್ದಕ್ಕೂ ಇಂಗ್ಲಿಷಿನ ‘ಎಮೋಷನ್’ ಶಬ್ದಕ್ಕೂ ನಂಟಿಲ್ಲ. ಜಪಾನೀ ಭಾಷೆಯಲ್ಲಿ ‘ಎ’ ಎಂದರೆ ಚಿತ್ರ, ‘ಮೋಜಿ’ ಎಂದರೆ ಅಕ್ಷರ. 2010ರಲ್ಲಿ ಯೂನಿಕೋಡ್ 6.0 ಇವುಗಳಲ್ಲಿ ನೂರಾರನ್ನು ಸ್ವೀಕರಿಸಿತು. ಯೂನಿಕೋಡ್ ನಿಶ್ಚಯಿಸುವುದು ಸಂಕೇತಸಂಖ್ಯೆಯನ್ನು ಮಾತ್ರ. ಮುಖದ ರೇಖೆಗಳನ್ನು ಬಿಡಿಸುವವರು ಯಂತ್ರದ ತಯಾರಕರು. 2016ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು ತೋರಿಸಿದಂತೆ, ನಗುಗಣ್ಣಿನ ಹಲ್ಲುಬಿಟ್ಟ ಮುಖವು 😁 ಒಂದು ಕಂಪನಿಯ ದೂರವಾಣಿಯಲ್ಲಿ ಸಂತೋಷವಾಗಿಯೂ ಇನ್ನೊಂದರಲ್ಲಿ ಸಂಕಟವಾಗಿಯೂ ಕಂಡಿತು. ಆಮೇಲೆ ಚಿತ್ರಗಳು ಪರಸ್ಪರ ಹತ್ತಿರ ಬಂದಿವೆಯಾದರೂ ಹಲ್ಲು ತೋರುವ ಮುಖಕ್ಕಿಂತ ಸಾದಾ ನಗುಮುಖವೇ 😊 ನಂಬಿಕೆಗೆ ಯೋಗ್ಯ. ಕೈಮುಗಿದ ಚಿತ್ರವು 🙏 ನಮ್ಮಲ್ಲಿ ನಮಸ್ಕಾರ, ಉಪಕಾರಸ್ಮರಣೆ, ಬೇಡಿಕೆ, ಜೊತೆಗೆ ‘ಇನ್ನು ಸಾಕು ಮಾರಾಯಾ’ ಎಂಬ ಬೀಳ್ಕೊಡುಗೆ—ಇಷ್ಟಕ್ಕೂ ದುಡಿಯುತ್ತಿದೆ. ಆದುದರಿಂದ ಅದನ್ನು ಒಂಟಿಯಾಗಿ ಕಳುಹಿಸದೆ ‘ಆತ್ರೀ ಗುರುಗಳೇ 🙏’ ಎಂದು ಮಾತಿನ ಬೆನ್ನಿಗೆ, ಪೂರ್ಣವಿರಾಮವಿರುತ್ತಿದ್ದ ಸ್ಥಾನದಲ್ಲಿಯೇ ಇಡುವುದು ಮೇಲು. ಒಂದು ಸಾಕು, ಐದಾರು ಸೇರಿದರೆ ಹಾಸ್ಯಕ್ಕೆ ತಿರುಗುವುದು.

ಬರೆದವರಿಗೆ ತಮ್ಮ ಬರಹದ ಬಿರುಸು ತಿಳಿಯದಿರುವುದೇಕೆಂದರೆ, ಅವರು ಅದನ್ನು ತಮ್ಮ ಒಳದನಿಯಲ್ಲಿಯೇ ಕೇಳಿರುತ್ತಾರೆ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರ 2005ರ ಪರೀಕ್ಷೆಗಳಲ್ಲಿ, ವ್ಯಂಗ್ಯವೋ ನಿಜವೋ ಎಂಬುದು ಮಿಂಚಂಚೆಯ ಓದುಗರಿಗೆ ತಿಳಿದೀತೆಂದು ಬರೆದವರಿಗಿದ್ದ ಭರವಸೆಯು ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು. ಇದಕ್ಕಿರುವ ಉಪಾಯವೆಂದರೆ, ಕಳುಹಿಸುವ ಮುನ್ನ ಅದೇ ಸಾಲನ್ನು ಬೇಕೆಂದೇ ಸಿಡುಕಿನ ದನಿಯಲ್ಲಿ ಓದಿಕೊಳ್ಳುವುದು. ಆ ದನಿಗೆ ಸಾಲು ಹೊಂದಿಕೊಂಡರೆ ಸಂಬೋಧನೆಯೊಂದು ಕಡಿಮೆಯಾಗಿದೆಯೆಂದು ತಿಳಿಯಬೇಕು. ಸಾವಿನ ಸುದ್ದಿಗೆ ಮಾತ್ರ ಈ ಚಿಹ್ನೆಗಳಾವುವೂ ನೆರವಾಗವು. ಅಲ್ಲಿ ‘ಆತ್ರೀ’ ಎನ್ನುವ ದನಿಯೇ ಕೇಳಿಸಬೇಕಾಗುತ್ತದೆ.