ಧಾರಣೆ ನಕ್ಷೆಯ ‘ಗ್ಯಾಪ್’: ಏರಿಕೆಯ ಆರಂಭವೋ, ಕೊನೆಯೋ?

ನ್ಯೂಯಾರ್ಕಿನ ಅರೇಬಿಕಾ ವಾಯಿದೆ ಧಾರಣೆಯ ನಕ್ಷೆಯಲ್ಲಿ ಪ್ರತಿದಿನಕ್ಕೂ ಒಂದೊಂದು ನೆಟ್ಟಗಿನ ಗೆರೆ ಇರುತ್ತದೆ. ಗೆರೆಯ ತುದಿ ಆ ದಿನದ ಗರಿಷ್ಠ ಧಾರಣೆ, ಬುಡ ಕನಿಷ್ಠ ಧಾರಣೆ. ನಿನ್ನೆಯ ಗೆರೆ 125 ಸೆಂಟಿಗೆ ಮುಗಿದು, ಇಂದಿನದು 132ರಿಂದಲೇ ಆರಂಭವಾಗಿ ಕೆಳಗಿಳಿಯದೇ ಹೋಯಿತೆನ್ನಿ. ನಡುವಿನ ಏಳು ಸೆಂಟಿನಲ್ಲಿ ವ್ಯಾಪಾರವೇ ನಡೆದಿಲ್ಲ. ಈ ಖಾಲಿ ಜಾಗಕ್ಕೆ ಗ್ಯಾಪ್ ಎನ್ನುತ್ತಾರೆ.

ಗ್ಯಾಪ್‌ಗಳಲ್ಲಿ ನಾಲ್ಕು ಬಗೆ. ಕಾರಣವಿಲ್ಲದೆ ಬಿದ್ದು ಎರಡು ದಿನದಲ್ಲಿ ಮುಚ್ಚಿಹೋಗುವ ಸಾಮಾನ್ಯ ಗ್ಯಾಪನ್ನೂ, ಏರಿಕೆಯ ನಡುದಾರಿಯಲ್ಲಿ ಬೀಳುವ ರನ್‌ಅವೇ ಗ್ಯಾಪನ್ನೂ ಇಲ್ಲಿ ಬಿಡೋಣ. ದಾಸ್ತಾನು ಇಟ್ಟುಕೊಂಡ ಬೆಳೆಗಾರನಿಗೆ ಮುಖ್ಯವಾದವು ಉಳಿದೆರಡು. ಬ್ರೇಕ್‌ಅವೇ ಗ್ಯಾಪ್ ಏರಿಕೆಯ ಬಾಗಿಲು ತೆರೆಯುತ್ತದೆ. ಎಕ್ಸಾಶ್ಚನ್ ಗ್ಯಾಪ್ ಏರಿಕೆಯ ಕೊನೆಯುಸಿರು. ಬಿದ್ದ ದಿನ ಎರಡೂ ಒಂದೇ ರೀತಿ ಕಾಣುವುದೇ ತೊಡಕು.

1994ರ ಬ್ರೆಜಿಲ್ ಹಿಮವನ್ನು ನೋಡಿ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದ ಮೇಲೆ ಧಾರಣೆ ವರ್ಷಗಟ್ಟಲೆ ನೆಲ ಕಚ್ಚಿತ್ತು. 1994ರ ವಸಂತದಲ್ಲಿ ಸ್ವಲ್ಪ ಚೇತರಿಸಿಕೊಂಡು, ಜೂನ್ ಕೊನೆಗೆ ಪೌಂಡಿಗೆ ಸುಮಾರು 125 ಸೆಂಟ್ ಇತ್ತು. ಜೂನ್ 25-26ರ ಶನಿವಾರ, ಭಾನುವಾರ ಹಿಮ ಬಿತ್ತು. ಸೋಮವಾರ ಧಾರಣೆ ಒಮ್ಮೆಲೇ ಮೇಲೆ ಹಾರಿತು. ಆ ವರ್ಷ ಪೂರ್ತಿ ಮತ್ತೆ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಇದು ಬ್ರೇಕ್‌ಅವೇ.

ಜುಲೈ 9-10ರಂದು ಎರಡನೆಯ ಹಿಮ. ಮತ್ತೆ ಸೋಮವಾರ ಜಿಗಿತ; ಕೆಲವೇ ದಿನಗಳಲ್ಲಿ ಧಾರಣೆ ಎರಡೂವರೆ ಡಾಲರಿನ ಆಸುಪಾಸು ಮುಟ್ಟಿತು. ಸುದ್ದಿ ಮೊದಲಿನದಕ್ಕಿಂತ ಸಣ್ಣದಲ್ಲ. ಆದರೆ ಎರಡು ವಾರದಲ್ಲೇ ಕೊಳ್ಳಬೇಕಾದವರು ಬಹುಪಾಲು ಕೊಂಡಾಗಿತ್ತು. ಮೇಲೆ ತಳ್ಳುವ ಹೊಸ ಕೈಗಳಿಲ್ಲದೆ ಧಾರಣೆ ತೂಗಾಡಿತು; ಡಿಸೆಂಬರ್ ಹೊತ್ತಿಗೆ ಎರಡನೆಯ ಹಿಮಕ್ಕೆ ಮುಂಚಿನ ಮಟ್ಟಕ್ಕಿಂತ ಕೆಳಗಿತ್ತು. ಎರಡನೆಯ ಗ್ಯಾಪ್ ನಂಬಿ ದಾಸ್ತಾನು ಹಿಡಿದವನು ಇಳಿಜಾರಿನಲ್ಲಿ ಮಾರಬೇಕಾಯಿತು.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಗ್ಯಾಪ್ ಬಿದ್ದ ಸ್ಥಳ ನೋಡಬೇಕು: ಬಹುಕಾಲ ತಗ್ಗಿನಲ್ಲಿದ್ದ ಧಾರಣೆಯ ಮೇಲೋ, ಆಗಲೇ ಕಡಿದಾಗಿ ಏರಿದ್ದರ ನೆತ್ತಿಯ ಮೇಲೋ? ವಹಿವಾಟಿನ ಪ್ರಮಾಣವೊಂದನ್ನೇ ನಂಬುವಂತಿಲ್ಲ, ಅದು ಎರಡರಲ್ಲೂ ಹೆಚ್ಚಿರುತ್ತದೆ. ಬ್ರೇಕ್‌ಅವೇಯಲ್ಲಿ ಮುಂದಿನ ದಿನಗಳಲ್ಲೂ ಧಾರಣೆ ಮೇಲೇರುತ್ತದೆ. ಎಕ್ಸಾಶ್ಚನ್‌ನಲ್ಲಿ ಭಾರಿ ವಹಿವಾಟಿದ್ದೂ ಧಾರಣೆ ಮುಂದೆ ಸಾಗುವುದಿಲ್ಲ. ಗ್ಯಾಪಿನ ಕೆಳ ಅಂಚನ್ನು, ಮೇಲಿನ ಉದಾಹರಣೆಯಲ್ಲಿ 125ನ್ನು, ಬರೆದಿಟ್ಟುಕೊಳ್ಳಿ. ದಿನದ ಮುಕ್ತಾಯದ ಧಾರಣೆ ಅದಕ್ಕಿಂತ ಕೆಳಗಿಳಿದರೆ ಬ್ರೇಕ್‌ಅವೇ ಎಂಬ ಆಸೆ ಬಿಡಬೇಕು. ಖಚಿತವಾಗುವ ಹೊತ್ತಿಗೆ ಒಂದಿಷ್ಟು ಧಾರಣೆ ಕೈ ತಪ್ಪಿರುತ್ತದೆ. ಆದ್ದರಿಂದ ನೆತ್ತಿಯ ಮೇಲಿನ ಗ್ಯಾಪ್ ಕಂಡ ದಿನವೇ ದಾಸ್ತಾನಿನ ಒಂದು ಭಾಗ ಮಾರಿ, ಉಳಿದದ್ದಕ್ಕೆ ಕೆಳ ಅಂಚನ್ನು ಕಾವಲಿಡುವುದು ನಮಗೆ ಸರಿ ಕಾಣುತ್ತದೆ.

ಒಂದು ತಿಂಗಳ ವಾಯಿದೆ ಮುಗಿದು ನಕ್ಷೆ ಮುಂದಿನ ತಿಂಗಳಿನದಕ್ಕೆ ಬದಲಾದಾಗಲೂ ಗ್ಯಾಪ್ ಕಾಣುತ್ತದೆ. ಅದು ಎರಡು ಬೇರೆ ವಾಯಿದೆಗಳ ಧಾರಣೆಯ ಅಂತರ ಅಷ್ಟೆ. ಇನ್ನು ಅಡಿಕೆ ಮಂಡಿಯಲ್ಲಿ ಎರಡು ಟೆಂಡರ್ ದಿನಗಳ ನಡುವೆ ಧಾರಣೆ ಹಾರಿದರೆ ಅದನ್ನು ಈ ಲೆಕ್ಕಕ್ಕೆ ತರಬೇಡಿ. ಅಲ್ಲಿ ನಡುವಿನ ದಿನಗಳಲ್ಲಿ ಟೆಂಡರೇ ಇರುವುದಿಲ್ಲ, ಮಾಲಿನ ದರ್ಜೆಯೂ ದಿನದಿಂದ ದಿನಕ್ಕೆ ಬೇರೆ.