ಹುರುಳಿಕಾಯಿ, ಸೊಪ್ಪು ಬೇಯಿಸೋದು: ಹಬೆಯಲ್ಲೋ, ನೀರಲ್ಲೋ, ಕುಕ್ಕರಲ್ಲೋ? ಎಷ್ಟು ನಿಮಿಷ?

ನಮ್ಮೂರು ಬರಗೂರು. ಬೋರ್‌ವೆಲ್ ನೀರಲ್ಲಿ ಒಂದಿಷ್ಟು ಹುರುಳಿಕಾಯಿ, ದಂಟಿನ ಸೊಪ್ಪು ಬೆಳೀತೀವಿ. ಹೆರಿಗೆಗೆ ತವರಿಗೆ ಬಂದಿರೋ ಅಕ್ಕನಿಗೆ ಆಶಾ ಕಾರ್ಯಕರ್ತೆ ಮಾತ್ರೆ ಕೊಟ್ಟು, ಜೊತೆಗೆ ದಿನಾ ಸೊಪ್ಪು, ಹಸಿರು ತರಕಾರಿ ತಿನ್ನಬೇಕು ಅಂದಿದ್ರು. ಅಮ್ಮ ಪಲ್ಯ ಮಾಡೋವಾಗ ಹುರುಳಿಕಾಯಿ ಮುಳುಗುವಷ್ಟು ನೀರು ಹಾಕಿ, ಕುಕ್ಕರಲ್ಲಿ ಮೂರು ವಿಷಲ್ ಕೂಗಿಸಿ, ಬಸಿದ ನೀರನ್ನ ಕಲಗಚ್ಚಿನ ಬಕೆಟ್‌ಗೆ ಸುರೀತಿದ್ದರು. ಅಕ್ಕನಿಗೆ ಸೇರಬೇಕಾದ ಸತ್ವ ಎಮ್ಮೆಗೆ ಹೋಗ್ತಿತ್ತು!

ಒಂದಿನ ಬೆಳಿಗ್ಗೆ ಕಿತ್ತ ಮುಕ್ಕಾಲು ಕೆಜಿ ಕಾಯನ್ನ ಮೂರು ಪಾಲು ಮಾಡಿ, ಮೊಬೈಲಲ್ಲಿ ಟೈಮರ್ ಇಟ್ಕೊಂಡು ಮೂರು ಥರ ಬೇಯಿಸಿ ನೋಡಿದ್ವಿ. ಮೂರಕ್ಕೂ ಕಾಯನ್ನ ಮೊದಲು ತೊಳೆದು, ಆಮೇಲೆ ಒಂದಿಂಚು ಉದ್ದಕ್ಕೆ ಹೆಚ್ಚಿದ್ವಿ. ಹೆಚ್ಚಿದ ಮೇಲೆ ತೊಳೆದರೆ ಸತ್ವ ಅಲ್ಲೇ ಸೋರಿಹೋಗುತ್ತೆ.

ಹಬೆ: ಇಡ್ಲಿ ಪಾತ್ರೆಯಲ್ಲಿ ಎರಡು ಬೆರಳು ನೀರು ಹಾಕಿ, ಅದು ಚೆನ್ನಾಗಿ ಕುದಿದ ಮೇಲೆ ತಟ್ಟೆ ಇಟ್ವಿ. 7 ನಿಮಿಷಕ್ಕೆ ಕಾಯಿ ಬೆಂದು ಹಸಿರಾಗೇ ಇತ್ತು.

ನೀರು: ಕುದಿಯೋ ನೀರಿಗೆ ಕಾಯಿ ಹಾಕಿ, ಮುಚ್ಚಳ ಮುಚ್ಚದೆ ಬೇಯಿಸಿದ್ವಿ. 6 ನಿಮಿಷಕ್ಕೆ ಬೆಂತು. ಬಣ್ಣ ಮೂರರಲ್ಲೂ ಇದರದ್ದೇ ಚಂದ. ಆದರೆ ಬಸಿದ ನೀರೂ ಹಸಿರು!

ಕುಕ್ಕರ್: ಅರ್ಧ ಲೋಟ ನೀರು, ಒಂದೇ ವಿಷಲ್. ಕೂಡಲೇ ಒಲೆಯಿಂದ ಇಳಿಸಿ, ಮುಚ್ಚಳದ ಮೇಲೆ ತಣ್ಣೀರು ಬಿಟ್ಟು, ಒತ್ತಡ ಪೂರ್ತಿ ಇಳಿದ ಮೇಲೆ ತೆಗೆದ್ವಿ. ಬಣ್ಣ ಸ್ವಲ್ಪ ಮಂಕು, ಆದರೂ ಹಸಿರೇ.

ಇದರಿಂದ ನನಗೆ ಗೊತ್ತಾಗಿದ್ದು ಇಷ್ಟು: ಬಣ್ಣ ಹೆಚ್ಚಾಗಿ ಸಮಯದ ಲೆಕ್ಕ, ಸತ್ವ ಹೆಚ್ಚಾಗಿ ನೀರಿನ ಲೆಕ್ಕ. ಎರಡೂ ಒಂದೇ ಅಲ್ಲ.

ಎಲೆ, ಕಾಯಿಗೆ ಹಸಿರು ಬಣ್ಣ ಕೊಡೋ ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂ ಇರುತ್ತೆ. ಬೇಯುವಾಗ ತರಕಾರಿಯೊಳಗಿನ ಹುಳಿ ಹೊರಗೆ ಬಂದು ಆ ಮೆಗ್ನೀಸಿಯಂ ಅನ್ನ ಕಿತ್ತುಹಾಕುತ್ತೆ, ಬಣ್ಣ ಕಂದುಹಸಿರಿಗೆ ತಿರುಗುತ್ತೆ. ಸುಮಾರು 7 ನಿಮಿಷ ದಾಟಿದ ಮೇಲೆ ಇದು ಜೋರಾಗುತ್ತೆ. ಮುಚ್ಚಳ ತೆಗೆದಿದ್ದರೆ ಆ ಹುಳಿಯಲ್ಲಿ ಸ್ವಲ್ಪ ಆವಿಯ ಜೊತೆ ಹೋಗುತ್ತೆ. ಹಾಗಾಗಿ ಹುಣಸೆಹಣ್ಣು, ಟೊಮೆಟೊ, ನಿಂಬೆರಸ ಯಾವಾಗಲೂ ಕೊನೆಗೇ ಹಾಕಿ.

ಕುಕ್ಕರ್ ಕೆಟ್ಟದ್ದು ಅಂತ ಹೇಳೋದು ತಪ್ಪು. ಒಳಗೆ ಶಾಖ 120 ಡಿಗ್ರಿ ಹತ್ತಿರ ಹೋದರೂ ನೀರು ಕಡಿಮೆ, ಸಮಯ ಕಡಿಮೆ ಇದ್ದರೆ ನಷ್ಟವೂ ಕಡಿಮೆ. ತಪ್ಪಾಗೋದು ವಿಷಲ್ ಆದ ಮೇಲೆ. ಒಲೆ ಆರಿಸಿ ಹಾಗೇ ಬಿಟ್ಟರೆ, ಒತ್ತಡ ಇಳಿಯೋ ತನಕ ಹತ್ತು ನಿಮಿಷ ಒಳಗೆ ಬೇಯ್ತಾನೇ ಇರುತ್ತೆ. ಮುಚ್ಚಳ ತೆಗೆದಾಗ ಕಾಯಿ ಖಾಕಿ ಬಣ್ಣಕ್ಕೆ ತಿರುಗಿ, ಹಿಸುಕಿದರೆ ಮುದ್ದೆಯಾದರೆ ಆಗಿರೋದು ಇದೇ.

ಇನ್ನು ನೀರಿನ ಲೆಕ್ಕ. ವಿಟಮಿನ್ ಸಿ ಮತ್ತು ಬಸುರಿಯರಿಗೆ ಬೇಕಾದ ಫೋಲಿಕ್ ಆಮ್ಲ ಎರಡೂ ನೀರಲ್ಲಿ ಕರಗುತ್ತವೆ. ಹಬೆಯಲ್ಲಿ ತರಕಾರಿ ನೀರಿಗೆ ಮುಳುಗೋದೇ ಇಲ್ಲ, ಅದಕ್ಕೇ ಪಲ್ಯಕ್ಕೆ ಹಬೆ ಒಳ್ಳೇದು. ಬಸ್ಸಾರಿಗಾದರೆ ನೀರಲ್ಲಿ ಬೇಯಿಸೋದೇ ಸರಿ, ಯಾಕಂದ್ರೆ ಬಸಿದ ನೀರೇ ಸಾರಾಗುತ್ತೆ, ಕರಗಿದ್ದು ತಟ್ಟೆಗೇ ವಾಪಸ್ ಬರುತ್ತೆ. ಬೇಳೆ ಮೊದಲು ಬೇಯಲಿ, ಸೊಪ್ಪು ಕೊನೆಯ 3 ನಿಮಿಷಕ್ಕೆ ಹಾಕಿ. ಶಾಖಕ್ಕೆ ವಿಟಮಿನ್ ಸಿ ಸ್ವಲ್ಪ ಹಾಳಾಗೋದು ಮಾತ್ರ ತಪ್ಪಲ್ಲ.

ಬಣ್ಣ ನಿಲ್ಲಲಿ ಅಂತ ಚಿಟಿಕೆ ಸೋಡ ಹಾಕೋರಿದ್ದಾರೆ. ಹಸಿರೇನೋ ನಿಲ್ಲುತ್ತೆ, ಆದರೆ ವಿಟಮಿನ್ ಸಿ, ಬಿ1 ಹಾಳಾಗುತ್ತೆ, ಕಾಯಿ ಲೋಳೆಯಾಗುತ್ತೆ. ಹೋಟೆಲ್ ಪಲ್ಯ ವಿಪರೀತ ಹಸಿರಾಗಿದ್ದು, ಬೆರಳಿಗೆ ಜಾರಿದರೆ ಸೋಡದ ಅನುಮಾನ ಇಟ್ಕೊಳ್ಳಿ.

ಬೇಯಿಸೋ ಸಮಯ ಇಷ್ಟು:

- ದಂಟಿನ ಸೊಪ್ಪು, ಪಾಲಕ್: ಹಬೆಯಲ್ಲಿ 3–4 ನಿಮಿಷ, ಕುದಿಯೋ ನೀರಲ್ಲಿ 2–3. ಕುಕ್ಕರ್ ಬೇಡ.
- ಹುರುಳಿಕಾಯಿ: ಹಬೆಯಲ್ಲಿ 7–8, ನೀರಲ್ಲಿ 5–6, ಕುಕ್ಕರಲ್ಲಿ ಒಂದು ವಿಷಲ್.

ನಮ್ಮ ಕಡೆ ಬೋರ್ ನೀರು ಗಡಸು. ಗಡಸು ನೀರಿನ ಸುಣ್ಣದಂಶಕ್ಕೆ ಕಾಯಿ ಮೆತ್ತಗಾಗೋದು ತಡ, ಒಂದೆರಡು ನಿಮಿಷ ಹೆಚ್ಚು ಬೇಕಾಗಬಹುದು. ಗಡಿಯಾರ ಒಂದನ್ನೇ ನಂಬಬೇಡಿ, ಒಂದು ಕಾಯಿ ಕಚ್ಚಿ ನೋಡಿ: ಹಸಿ ವಾಸನೆ ಹೋಗಿ, ಹಲ್ಲಿಗೆ ಸ್ವಲ್ಪ ಗಟ್ಟಿ ಸಿಕ್ಕರೆ ಸಾಕು, ಇಳಿಸಿ.

ಒಂದು ಮಾತ್ರ ನೆನಪಿರಲಿ. ಕಿಡ್ನಿ ಕಲ್ಲಾಗಿ ಡಾಕ್ಟರ್ ಪಾಲಕ್ ಕಡಿಮೆ ಮಾಡಿ ಅಂದಿದ್ದರೆ ಲೆಕ್ಕ ಉಲ್ಟಾ. ಅವರು ತಿನ್ನೋದಾದರೆ ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಲೇಬೇಕು. ಆಕ್ಸಲೇಟ್ ಒಂದಷ್ಟು ಅದರ ಜೊತೆ ಹೋಗುತ್ತೆ.

ಈಗ ನಮ್ಮನೇಲಿ ಪಲ್ಯ ಇಡ್ಲಿ ಪಾತ್ರೆಯಲ್ಲಿ, ಬಸ್ಸಾರು ತೆರೆದ ಪಾತ್ರೆಯಲ್ಲಿ. ಎಮ್ಮೆಗೆ ಬರೀ ಅಕ್ಕಿ ತೊಳೆದ ನೀರು.